ಹದಿನೇಳನೇ ಸ್ಲೈಡಿನ ಮೂಲ

ಭದ್ರಾವತಿಯಲ್ಲಿ ನಡೆಯಲಿದ್ದ ಕುಡಿಯುವ ನೀರಿನ ಸಭೆಗೆ ಸ್ಲೈಡುಗಳು ಸಿದ್ಧವಾಗಿದ್ದವು. ಶಿವಮೊಗ್ಗದ ನಮ್ಮ ಪುಟ್ಟ ಸಂಸ್ಥೆಯ ಮೇಡಂ ಅವನ್ನು ನನಗೆ ಕಳಿಸಿ, "ಇದರಲ್ಲಿರೋ ಒಂದೊಂದು ಅಂಕಿನೂ, ಕೆಳಗೆ ಕೊಟ್ಟಿರೋ ಮೂಲನೂ ಪಟ್ಟಿ ಮಾಡು ಮಾರಾಯ್ತಿ. ಆಮೇಲೆ ಕೂತು ತಾಳೆ ನೋಡೋಣ" ಎಂದರು.

ಈ ಕೆಲಸ ನನಗೆ ಬಲು ಇಷ್ಟ. ಸ್ಲೈಡಿನ ಸಂಖ್ಯೆ, ಅಂಕಿ ಇರುವ ವಾಕ್ಯ ಇದ್ದ ಹಾಗೆಯೇ, ಪಕ್ಕದಲ್ಲಿ ಅದರ ಮೂಲ. ಚಾರ್ಟಿನೊಳಗಿನ ಅಂಕಿಯನ್ನೂ ಬಿಡುವಂತಿಲ್ಲ. ಮೂಲ ಕೊಡದಿದ್ದರೆ "ಮೂಲ ಇಲ್ಲ" ಎಂದೇ ಬರೆಯಬೇಕು. ನಮಗೆ ಗೊತ್ತಿದೆಯೆಂದು ತುಂಬಬಾರದು. ಹಾಗೆ ತುಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹದಿನೇಳನೇ ಸ್ಲೈಡಿನಲ್ಲಿ, ಎಷ್ಟು ಮನೆಗಳಿಗೆ ದಿನಾ ನೀರು ಬರುವುದಿಲ್ಲ ಎಂಬ ಅಂಕಿಯ ಕೆಳಗೆ "ಮೂಲ: ನಮ್ಮ ಹೋದ ವರ್ಷದ ಸ್ಲೈಡುಗಳು" ಎಂದಿತ್ತು. ಅದನ್ನು ಹಾಗೇ ಪಟ್ಟಿಗಿಳಿಸಿ ಹಳೆಯ ಸ್ಲೈಡುಗಳನ್ನು ತೆರೆದೆ. ಅಲ್ಲಿ "ಸ್ಥಳೀಯರ ಮಾಹಿತಿ" ಎಂದಿತ್ತು. ಹಾಗೆ ಬರೆದವಳು ನಾನೇ. ಹೊಳೆಹೊನ್ನೂರಿನ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸೊಬ್ಬರು ಅಂದಾಜಿನ ಮೇಲೆ ಹೇಳಿದ ಮಾತದು.

ಷರಾ ಕಾಲಂನಲ್ಲಿ ಅದನ್ನೂ ಬರೆದೆ. ಓದಿದ ಮೇಡಂ ಜೋರಾಗಿ ನಕ್ಕು, "ನಿನ್ನನ್ನ ನೀನೇ ಹಿಡ್ಕೊಟ್ಯಲ್ಲೇ!" ಎಂದು ಆ ಸ್ಲೈಡನ್ನೇ ತೆಗೆದುಹಾಕಿದರು. ಉಳಿದ ಅಂಕಿಗಳೆಲ್ಲ ತಮ್ಮ ಮೂಲಕ್ಕೆ ತಾಳೆಯಾದವು. ನಾನು ನಿರಾಳವಾಗಿ ಭದ್ರಾವತಿ ಬಸ್ಸು ಹತ್ತಿದೆ.

ಸಭೆ ಮುಗಿಯುವಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ತೆಗೆದುಹಾಕಿದ ಅದೇ ಅಂಕಿಯನ್ನು ಹೇಳಿ, "ಅದನ್ನ ಯಾಕೆ ಬಿಟ್ರಿ?" ಎಂದು ಕೇಳಿದರು.

"ನಿಮಗೆ ಯಾರು ಹೇಳಿದ್ದು ಸಾರ್?" ಎಂದೆ.

"ಹೋದ ವರ್ಷ ನೀವೇ ಹೇಳಿದ್ರಲ್ಲಮ್ಮ. ನಾನು ಬರ್ಕೊಂಡಿದೀನಿ."