ಹೆಸರು ತಪ್ಪಿದ ಏಳು ಬಿಲ್ಲು

ಎಪ್ಪತ್ತರ ದಶಕದ ಕೊನೆಗೆ ನಾನು ಇಳಕಲ್ಲಿನ ಸೀರೆ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಕ್ಷರ ಮುತ್ತಿನಂತಿದೆ ಎಂದು ಮಾಲಕರು ಹೊಗಳುತ್ತಿದ್ದರು. ಆ ಜಂಬ ನನಗೆ ಬೇಕಾದಷ್ಟಿತ್ತು. ಊರೂರು ತಿರುಗಿ ಆರ್ಡರ್ ತರುವ ಏಜೆಂಟರಿಗೆ ತಿಂಗಳ ಕೊನೆಗೆ ಕಮಿಷನ್ ಚೀಟಿ ಕೊಡುತ್ತಿದ್ದೆ. ಅದರಲ್ಲಿ ಹೆಸರು, ಒಟ್ಟು ಮೊತ್ತ, ಅಷ್ಟೇ.

ಸೀರೆ ಕೊಂಡ ಊರಿನ ಅಂಗಡಿಕಾರ ಪೂರಾ ಹಣ ಕಟ್ಟಿದ ಮೇಲೆಯೇ ವ್ಯವಹಾರ ಮುಗಿದಂತೆ. ವಾಪಸ್ಸು ಬಂದ ಸೀರೆ ಕಳೆದು, ಉಳಿದದ್ದಕ್ಕೆ ನೂರಕ್ಕೆ ಎರಡು ರೂಪಾಯಿ, ಆರ್ಡರ್ ತಂದವನಿಗೆ.

ಅಮೀನಗಡದ ಹಿರಿಯ ಏಜೆಂಟರೊಬ್ಬರಿಗೆ ಬಾದಾಮಿ, ಕುಳಗೇರಿ ಕ್ರಾಸ್ ಕಡೆಯ ಅಂಗಡಿಗಳಿದ್ದವು. ಯಾರಿಗೆ ಯಾವ ದಡಿಯ ಸೀರೆ ಎಷ್ಟು ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಆ ವರ್ಷ ವಿಷಮಜ್ವರ ಬಂದು ತಿಂಗಳೊಪ್ಪತ್ತು ಮಲಗಿದರು. ಅವರ ಅಂಗಡಿಗಳ ವಸೂಲಿಗೆ ಇನ್ನೊಬ್ಬ ಏಜೆಂಟ ಹೋದ. ನಾನು ಅವಸರದಲ್ಲಿ, ಹಣ ತಂದು ಇಟ್ಟವನ ಹೆಸರಿಗೇ ಬಿಲ್ಲು ಹತ್ತಿಸಿಬಿಟ್ಟೆ.

ಗುಣವಾಗಿ ಬಂದವರು ಚೀಟಿಯ ಮೊತ್ತ ಕಡಿಮೆಯಿದ್ದದ್ದು ನೋಡಿ, ಏಳು ಬಿಲ್ಲು ಸೇರಿಲ್ಲ ಎಂದು ಅಂಗಡಿಗಳನ್ನು ಒಂದೊಂದಾಗಿ ಹೇಳಿದರು. ನಾನು ನನ್ನ ಖಾತೆಪುಸ್ತಕವನ್ನೇ ತಿರುವಿ ಹಾಕಿದೆ.

"ನಿಮ್ಮ ಹೆಸರಿಗೆ ಇಲ್ರಿ ಕಾಕಾ. ಜ್ವರದಾಗ ಮರತಿರಬೇಕು."

ಅವರು ವಾದಿಸಲಿಲ್ಲ. ಚೀಟಿ ಮಡಿಚಿ ಜೇಬಿಗಿಟ್ಟು, ಇದ್ದರೂ ಇರಬಹುದು ಎಂದರು. ಮರುವಾರ ಮಾದರಿ ಸೀರೆಗಳ ಗಂಟನ್ನು ಮಾಲಕರಿಗೆ ಒಪ್ಪಿಸಿ, ತಲೆ ನಿಲ್ಲದವನು ವ್ಯಾಪಾರ ಮಾಡಬಾರದು ಎಂದು ಹೇಳಿ ಹೋದರು. ಯಾರೂ ತಡೆಯಲಿಲ್ಲ.

ಎರಡು ವರ್ಷದ ನಂತರ ಹುನಗುಂದದ ಒಂದು ಅಂಗಡಿಗಾಗಿ ಇಬ್ಬರು ಏಜೆಂಟರು ಕೈಕೈ ಮಿಲಾಯಿಸುವಷ್ಟಾಯಿತು. ಮಾಲಕರು ಸಿಟ್ಟಾಗಿ, ಒಂದೊಂದು ಬಿಲ್ಲಿಗೂ ಬೇರೆ ಸಾಲು ಬರೆ ಎಂದರು. ಉದ್ದ ಹಾಳೆಗೆ ಗೆರೆ ಹೊಡೆದೆ: ಬಿಲ್ಲಿನ ನಂಬರು, ಅಂಗಡಿ, ಆರ್ಡರ್ ತಂದವನು, ಮೊತ್ತ, ವಾಪಸ್ಸು, ಹಣ ಬಂದ ದಿನ, ಹಣ ತಂದವನು, ಕಮಿಷನ್. ಸಾವಿರದ ಎಂಟುನೂರರ ಬಿಲ್ಲು, ಇನ್ನೂರರ ವಾಪಸ್ಸು, ಉಳಿದ ಸಾವಿರದ ಆರುನೂರಕ್ಕೆ ಮೂವತ್ತೆರಡು. ಚಹಾ ಆರುವುದರೊಳಗೆ ಜಗಳ ಮುಗಿಯಿತು. ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು, ಅಷ್ಟೇ.

ಹುರುಪಿನಲ್ಲಿ, ಏಜೆಂಟರು ಸಹಿ ಹಾಕಿ ಕೊಟ್ಟಿದ್ದ ಹಳೆಯ ಆರ್ಡರ್ ಚೀಟಿಗಳನ್ನೂ ತೆಗೆದು ಬಿಲ್ಲುಗಳಿಗೆ ಹೊಂದಿಸತೊಡಗಿದೆ. ನಾನು ಇನ್ನೊಬ್ಬನ ಹೆಸರಿಗೆ ಹತ್ತಿಸಿದ್ದ ಏಳು ಬಿಲ್ಲುಗಳ ಚೀಟಿಗಳ ಮೇಲೆ ಕಾಕಾನ ಸಹಿ ಇತ್ತು. ಅವರು ಬಾಯಿಂದ ಹೇಳಿದ ಅವೇ ಏಳು ಅಂಗಡಿಗಳು, ಒಂದೂ ತಪ್ಪಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾಲಕರಿಗೆ ಹೇಳಿ, ಆ ಏಳು ಸಾಲು ಬರೆದ ಹಾಳೆಯನ್ನೂ ಬಾಕಿ ಕಮಿಷನ್ನನ್ನೂ ತೆಗೆದುಕೊಂಡು ಅಮೀನಗಡದ ಬಸ್ಸು ಹತ್ತಿದೆ. ಈಗೀಗ ಕಾಕಾ ಸಂತೆಗೂ ಒಬ್ಬರೇ ಹೋಗುವುದಿಲ್ಲ, ಏನಾದರೂ ಮರೆತೇನು ಎಂದು ಹೆದರುತ್ತಾರೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು. ಕಾಕಾ ಹಾಳೆ ತೆಗೆದುಕೊಂಡು ಏಳೂ ಸಾಲು ಓದಿದರು. ಹಣ ಮುಟ್ಟಲಿಲ್ಲ.

"ಹಂಗಾದ್ರ ನನ್ನ ತಲಿ ಸರಿನ ಇತ್ತೇನಪಾ?"

ಹೌದೆಂದೆ, ತಪ್ಪು ನನ್ನದೆಂದೆ. ಮಾಲಕರು ವಾಪಸ್ಸು ಕರೆದಿದ್ದಾರೆ, ಹಳೆಯ ಅಂಗಡಿಗಳೆಲ್ಲ ನಿಮ್ಮವೇ ಎಂದೆ. ಅವರು ಹಾಳೆಯನ್ನು ಮಡಿಚಿ ನನ್ನ ಕೈಗೇ ಕೊಟ್ಟರು.

"ಬ್ಯಾಡಪಾ. ಆಗ ಮರತಿದ್ದಿಲ್ಲ. ಈಗ ಖರೇನ ಮರೀತೇನಿ."