ಬೀಗರ ಗಾಡಿಯ ಚಾಸಿ ನಂಬರು

ನನ್ನ ಬದುಕಿನ ಬಹುಭಾಗ ಸೊಲ್ಲಾಪುರದಲ್ಲಿ ಇನ್ಶೂರೆನ್ಸ್ ಸರ್ವೇಯರ್ ಕೆಲಸದಲ್ಲಿ ಕಳೆಯಿತು. ಅಂದರೆ ಅಪಘಾತವಾದ ಗಾಡಿಗಳ ಮರಣೋತ್ತರ ಪರೀಕ್ಷೆ. ನಿವೃತ್ತನಾದ ಮೇಲೆ ಆ ವಿದ್ಯೆ ಧರ್ಮಾರ್ಥಕ್ಕೆ ಇಳಿಯಿತು. ಪರಿಚಯದವರು ಹಳೆ ಕಾರು ಕೊಳ್ಳುವ ಮೊದಲು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ, ಹೆಣ್ಣು ನೋಡಲು ಹಿರಿಯರೊಬ್ಬರು ಬೇಕೆನ್ನುವಂತೆ. ನಾನೂ ಗಂಭೀರವಾಗಿ ಕನ್ನಡಕ ಏರಿಸಿಕೊಂಡು ಹೋಗುತ್ತೇನೆ. ಬಾನೆಟ್ ತೆರೆದು ಒಂದು ಸಲ "ಹೂಂ" ಎಂದರೆ ಮಾರುವವನ ಮುಖ ಇಳಿಯುತ್ತದೆ. ಆ "ಹೂಂ"ಗೆ ಯಾವ ಅರ್ಥವೂ ಇರುವುದಿಲ್ಲ.

ಆದರೆ ತಮ್ಮ ಕರೆದಾಗ ನನಗೆ ಹೋಗುವ ಮನಸ್ಸಿರಲಿಲ್ಲ. ಅವನ ಮಗಳನ್ನು ಅಕ್ಕಲಕೋಟೆಗೆ ಕೊಟ್ಟು ಒಂದು ವರ್ಷವೂ ತುಂಬಿರಲಿಲ್ಲ. ಅವಳ ಮಾವ, ಅಂದರೆ ನಮ್ಮ ಬೀಗರು, ತಮ್ಮ ಕಾರನ್ನು ಮಾರಬೇಕೆಂದಿದ್ದರು. ಹೊರಗಿನವರಿಗೆ ಕೊಡುವ ಬದಲು ನಿಮಗೇ ಕೊಡುತ್ತೇನೆ ಎಂದಿದ್ದರು. ಬೀಗರು ಹಾಗೆಂದರೆ ಅದನ್ನು ವ್ಯಾಪಾರ ಎನ್ನುವ ಹಾಗಿಲ್ಲ, ಪ್ರೀತಿ ಎನ್ನಬೇಕು. ಪ್ರೀತಿಗೆ ಬೇಡ ಎನ್ನುವ ಧೈರ್ಯ ಹೆಣ್ಣು ಕೊಟ್ಟ ಮನೆಯವರಿಗೆ ಎಲ್ಲಿಂದ ಬರಬೇಕು?

ಕುಂಭಾರಿ ದಾಟುವಾಗ ಬಸ್ಸಿನಲ್ಲಿ ತಮ್ಮ ಮೆಲ್ಲಗೆ ಹೇಳಿದ: "ಅಣ್ಣಾ, ಒಂದ್ ಮಾತ. ಅಲ್ಲಿ ಗಾಡಿ ಬುಡಕ ಮಲಗಿ ಗಿಲಗಿ ನೋಡಬ್ಯಾಡ. ಬೀಗರು ಏನ್ ತಿಳಕೊಂಡಾರು."

"ಮತ್ತ ನನ್ನ ಯಾಕ ಕರಕೊಂಡ ಹೊಂಟಿ? ಹೂರಣದ ಹೋಳಿಗಿ ತಿನ್ನಾಕ?"

"ಹಂಗ ಸುಮ್ನ ನಿಂತು ನೋಡು. ಮಂದಿ ಕೇಳಿದ್ರ, ನಮ್ಮಣ್ಣ ನೋಡ್ಯಾನ ಅಂತ ಹೇಳಾಕ ಬರ್ತದ."

ಹೋಳಿಗೆಯೂ ಇತ್ತು. ಊಟ ಮುಗಿಸಿ ಅಂಗಳಕ್ಕೆ ಬಂದಾಗ ಬಿಳಿ ಕಾರು ಮೈತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಮೂತಿಗೆ ಚೆಂಡುಹೂ ಕಟ್ಟಿಕೊಂಡು ಮದುಮಗನಂತೆ ನಿಂತಿತ್ತು. ಬೀಗರು ಕಾಗದಪತ್ರ ತಂದಿಟ್ಟರು. "ನೋಡ್ರಿ ಸರ್ವೇಯರ್ ಸಾಹೇಬ್ರ, ನಮ್ಮದೇನ ಮುಚ್ಚುಮರಿ ಇಲ್ಲ."

ನಾನು ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಗಾಡಿಯ ನಂಬರು ಹಾಕಿದೆ. ಆರ್‌ಸಿ ಬೀಗರ ಹೆಸರಿನಲ್ಲೇ ಇತ್ತು. ಅವರು ವರ್ಷದ ಹಿಂದೆ ಬೇರೆ ಊರಿನ ಏಜೆಂಟನೊಬ್ಬನಿಂದ ಕೊಂಡಿದ್ದರು. ಹಳೆ ಮಾಲೀಕನ ಕಾಲದ ಬ್ಯಾಂಕ್ ಸಾಲದ ನಮೂದು ತೆಗೆದಾಗಿತ್ತು, ಬ್ಯಾಂಕಿನ ಎನ್‌ಒಸಿ ಕೂಡ ಇತ್ತು. ಕಳವಾದ ವಾಹನಗಳ ಪೊಲೀಸ್ ದಾಖಲೆಯಲ್ಲಿ ಈ ನಂಬರಿನ ಮೇಲೆ ಏನೂ ಇರಲಿಲ್ಲ. ಇ-ಚಲನ್‌ನಲ್ಲಿ ಮಾತ್ರ ಹಳೆ ಮಾಲೀಕನ ಕಾಲದ ಒಂದು ದಂಡ ಬಾಕಿ ಇತ್ತು, ವೇಗದ್ದು. ಹೆಸರು ಬದಲಾಗುವಾಗಲೇ ತೀರಬೇಕಾಗಿದ್ದು, ಹೇಗೋ ಉಳಿದುಬಿಟ್ಟಿತ್ತು.

"ಅಷ್ಟ ಅಲ್ಲ? ನಾನ ಕಟ್ಟತೀನಿ ಬಿಡ್ರಿ," ಎಂದರು ಬೀಗರು ಉದಾರವಾಗಿ. ತಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ಕೈಮುಗಿದ. ನಂತರ ಬೀಗಿತ್ತಿಯೊಂದಿಗೆ ಮಾತಾಡಲು ಒಳಗೆ ಹೋದ.

ನಾನೂ ಏಳಬಹುದಾಗಿತ್ತು. ಚಲನ್ನಿನ ಜೊತೆ ಕ್ಯಾಮೆರಾ ತೆಗೆದ ಫೋಟೋ ಇರುತ್ತದೆ. ಹಳೆ ಚಟ, ಅದನ್ನು ದೊಡ್ಡದು ಮಾಡಿ ನೋಡಿದೆ. ಅದೇ ನಂಬರು, ಅದೇ ಬಿಳಿ ಬಣ್ಣ. ಆದರೆ ಫೋಟೋದ ಕಾರಿಗೆ ಹಿಂದಿನ ಗಾಜಿನ ಮೇಲೆ ವೈಪರ್ ಇತ್ತು. ಎದುರಿಗಿದ್ದ ಕಾರಿಗೆ ಇರಲಿಲ್ಲ. ಗಾಜು ಒಡೆದು ಬೇರೆ ಹಾಕಿಸಿರಬಹುದು ಎಂದುಕೊಂಡೆ. ಡಿಕ್ಕಿ ಎತ್ತಿ ನೋಡಿದರೆ ವೈಪರಿನ ಮೋಟಾರು ಕೂರುವ ಜಾಗವೂ ಇರಲಿಲ್ಲ. ವೈಪರೇ ಇಲ್ಲದ ಅಗ್ಗದ ಮಾದರಿಯದು.

ಆಮೇಲೆ ಮರ್ಯಾದೆ ಬದಿಗಿಟ್ಟೆ. ಈ ಗಾಡಿಯಲ್ಲಿ ಚಾಸಿ ನಂಬರು ಡ್ರೈವರ್ ಪಕ್ಕದ ಸೀಟಿನ ಕೆಳಗೆ ನೆಲದ ತಗಡಿನಲ್ಲಿ ಕೊರೆದಿರುತ್ತದೆ. ಸೀಟು ಹಿಂದಕ್ಕೆ ಸರಿಸಿ ಕಾರ್ಪೆಟ್ ಎತ್ತಿದೆ. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆಯಾಯಿತು. ತಾಳೆಯಾಗಿದ್ದು ನಂಬರು ಮಾತ್ರ. ಅದರ ಸುತ್ತ ಅಂಗೈಯಗಲದ ಚೌಕದಲ್ಲಿ ಕಪ್ಪು ಲೇಪ ಬಳಿದಿತ್ತು. ಉಗುರಿನಿಂದ ಕೆರೆದಾಗ ಕೆಳಗೆ ವೆಲ್ಡಿಂಗಿನ ಒರಟು ಗೆರೆ ಸಿಕ್ಕಿತು. ಕಂಪನಿಯಲ್ಲಿ ನೆಲದ ತಗಡಿನ ಮಧ್ಯೆ ಹಾಗೆ ತೇಪೆ ಹಾಕುವುದಿಲ್ಲ. ಬಾಗಿಲ ಕಂಬದ ಮೇಲಿನ ನಂಬರಿನ ಸ್ಟಿಕರ್ ಕಿತ್ತು ಹೋಗಿತ್ತು. ಎಂಜಿನ್ ನಂಬರಿನ ಜಾಗದಲ್ಲಿ ಗ್ರೈಂಡರ್ ಆಡಿದ ಗುರುತಿತ್ತು.

ವಿಷಯ ಸರಳ. ಎಲ್ಲೋ ಒಂದು ಕಾರು ಅಪಘಾತದಲ್ಲಿ ರಿಪೇರಿಗೆ ಬಾರದಷ್ಟು ಹಾಳಾಗಿತ್ತು. ಅದರ ಕಾಗದಪತ್ರವನ್ನೂ ನಂಬರಿದ್ದ ತಗಡಿನ ತುಂಡನ್ನೂ ಕೊಂಡು, ಕದ್ದ ಬೇರೊಂದು ಕಾರಿಗೆ ಬೆಸೆದಿದ್ದರು. ನಂಬರು ಹಾಕಿ ಹುಡುಕಿದರೆ ಸತ್ತ ಗಾಡಿಯ ಚರಿತ್ರೆ ಬರುತ್ತದೆ. ಸತ್ತವರ ನಡತೆಯಂತೆ ಅದು ನಿಷ್ಕಳಂಕವಾಗಿಯೇ ಇರುತ್ತದೆ.

ಮೊಣಕಾಲು ಊರಿ ಏಳುವಾಗ ಬೀಗರು ಹತ್ತಿರವೇ ನಿಂತಿದ್ದರು. ನಗು ಇರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?" ಎಂದೆ.

"ತಗೊಳ್ಳುವಾಗ ಗೊತ್ತಿರಲಿಲ್ಲ. ಆಮ್ಯಾಲ ಗ್ಯಾರೇಜಿನವ ತೋರಿಸಿದ. ಏಜೆಂಟ ಫೋನ ಎತ್ತೂದಿಲ್ಲ."

"ಮತ್ತ ಬೀಗರಿಗೆ ಹಚ್ಚಾಕತ್ತೀರಿ?"

ಅವರು ಮನೆಯ ಕಡೆ ಒಮ್ಮೆ ನೋಡಿದರು. "ಹೊರಗಿನವ್ರು ಕಾರ್ಪೆಟ್ ಎತ್ತಿ ನೋಡ್ತಾರ ಸಾಹೇಬ್ರ. ಬೀಗರು ಎತ್ತಂಗಿಲ್ಲ ಅಂದುಕೊಂಡಿದ್ದೆ." ಸ್ವಲ್ಪ ತಡೆದು, ಉಪಚಾರದ ಮಾತಿನಂತೆಯೇ ಸೇರಿಸಿದರು: "ಹುಡುಗಿ ನಮ್ಮನ್ಯಾಗ ಸುಖದಾಗ ಐತಿ. ನೀವು ತಿಳದವ್ರು."

ಬಾಗಿಲಲ್ಲಿ ಚಹಾದ ತಾಟು ಹಿಡಿದು ತಮ್ಮನ ಮಗಳು ನಿಂತಿದ್ದಳು.

ತಮ್ಮ ಹೊರಬಂದಾಗ ನಾನು ಎಲ್ಲರೆದುರೇ ಹೇಳಿದೆ: ಇದು ಕಳ್ಳಮಾಲು, ಬೀಗರೇ ಠಾಣೆಗೆ ಒಯ್ದು ಒಪ್ಪಿಸುವುದು ಒಳ್ಳೆಯದು, ತಿಳಿದೂ ಕೊಂಡರೆ ಕೊಂಡವನೂ ಅಪರಾಧಿ. ತಮ್ಮ ವೆಲ್ಡಿಂಗ್ ನೋಡಲಿಲ್ಲ. ಮಗಳನ್ನು ನೋಡಿದ. ಬೀಗರು ಚಾವಿ ಚಾಚಿದರು. ನನ್ನ ತಮ್ಮ, ಜೀವಮಾನದಲ್ಲಿ ತಿಕೀಟಿಲ್ಲದೆ ಬಸ್ಸು ಹತ್ತದವನು, ಚಾವಿ ತೆಗೆದುಕೊಂಡ.

"ಇರಲಿ ಅಣ್ಣಾ. ಮನ್ಯಾಗ ನಿಂದ್ರಲಿ. ಓಡಸಂಗಿಲ್ಲ."

ಹುಡುಗಿ ತಾಟು ಕಟ್ಟೆಯ ಮೇಲಿಟ್ಟಳು. ಅಪ್ಪನ ಕೈಯಿಂದ ಚಾವಿ ಬಿಡಿಸಿ ಮಾವನ ಮುಂದೆ ಇಟ್ಟಳು. "ಮಾವಾರ, ಅಪ್ಪ ಇದನ್ನ ಒಯ್ಯಂಗಿಲ್ರಿ. ನೀವು ಅಂದದ್ದು ನಾನೂ ಕೇಳೀನಿ."

ಯಾರೂ ಕೂಗಾಡಲಿಲ್ಲ. ಅತ್ತೆ ಒಳಗಿನಿಂದ ಅವಳ ಸೀರೆಗಳನ್ನು ಒಂದು ಚೀಲದಲ್ಲಿ ತುಂಬಿ ತಂದಿಟ್ಟರು, ಮಡಿಕೆ ಕೆಡದಂತೆ. ಸಂಜೆಯ ಬಸ್ಸಿಗೆ ಇಬ್ಬರು ಬಂದವರು ಮೂವರಾಗಿ ಹೊರಟೆವು.

ಮರುದಿನ ನಾನು ಠಾಣೆಗೆ ಹೋಗಿ ಕಂಡದ್ದನ್ನು ಬರೆದುಕೊಟ್ಟೆ. ಪೊಲೀಸರು ಗಾಡಿ ಜಪ್ತಿ ಮಾಡಿದರು. ಲ್ಯಾಬಿನವರು ಎಂಜಿನ್ನಿನ ಉಜ್ಜಿದ ಜಾಗಕ್ಕೆ ಆಸಿಡ್ ಹಚ್ಚಿದಾಗ ಹಳೆಯ ಅಂಕಿಗಳು ಮೇಲೆದ್ದವು. ಅವನ್ನು ಹಿಡಿದು ಹೋದರೆ ದೂರದ ಊರಿನ ಕಳವಿನ ದೂರೊಂದು ಸಿಕ್ಕಿತು.

ಕೆಲವು ವಾರದ ಮೇಲೆ ನಾನು ತಮ್ಮನ ಮನೆಯಲ್ಲಿದ್ದಾಗ ಅಳಿಯ ಬಂದ. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದಾನೆಂದು ತಮ್ಮ ಓಡಾಡಿ ಕುರ್ಚಿ ಒರೆಸಿದ. ಅಳಿಯ ಕುಳಿತದ್ದು ನನ್ನ ಎದುರಿಗೆ.

"ದೊಡ್ಡಪ್ಪಾರ, ನಮ್ಮಪ್ಪಗ ಗೊತ್ತಿರಲಿಲ್ಲ ಅಂತ ಪೊಲೀಸರ ಮುಂದ ಒಂದ್ ಜಬಾಬ್ ಕೊಡ್ರಿ. ನಾಳೇನ ಆಕಿನ್ನ ಕರಕೊಂಡ ಹೋಗ್ತೀನಿ. ಮನ್ಯಾಗೂ ಒಪ್ಯಾರ."

ಕೆಟ್ಟ ಹುಡುಗನಲ್ಲ ಅವನು. ಕಣ್ಣು ಎತ್ತಲಿಲ್ಲ. ತಮ್ಮ ನನ್ನ ಮೊಣಕೈ ಹಿಡಿದ. ಒಂದು ಸಾಲಿನ ಸುಳ್ಳು ಅದು. ಆ ಹುಡುಗಿಯ ಮುಖ ನೆನೆದು ಅದನ್ನು ಹೇಳಿಯೇಬಿಡುತ್ತಿದ್ದೆನೇನೋ.

"ಕೊಡಬ್ಯಾಡ್ರಿ ದೊಡ್ಡಪ್ಪಾ," ಎಂದಳು ಅವಳು ಅಡಿಗೆಮನೆಯಿಂದ. ನಂತರ ಗಂಡನಿಗೆ ಚಹಾ ತಂದುಕೊಟ್ಟಳು. ಅವನು ಪೂರ್ತಿ ಕುಡಿದು, ಕಪ್ಪು-ಸಾಸರನ್ನು ತಾನೇ ಒಳಗಿಟ್ಟು, ಎಲ್ಲರಿಗೂ ಬರ್ತೀನ್ರಿ ಎಂದು ಹೇಳಿ ಒಬ್ಬನೇ ಹೊರಟುಹೋದ.