ಮೂರು ಬಣ್ಣದಲ್ಲಿ ಒಂದು ಆನೆ

ಮೂಡಲಗಿಯ ನಮ್ಮ ಓಣಿಯಲ್ಲಿ ಗುಡುಸಾಬನನ್ನು ಎಲ್ಲರೂ ಪೇಂಟರ್ ಎಂದೇ ಕರೆಯುವುದು. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಕೈ. ಗೋಕಾಕದಿಂದ ಹುಕ್ಕೇರಿಯವರೆಗೆ ಹಿಟ್ಟಿನ ಗಿರಣಿ, ಗೊಬ್ಬರದ ಅಂಗಡಿ, ಸೈಕಲ್ ದುರಸ್ತಿ, ಎಲ್ಲದರ ಮೇಲೂ ಅವನ ಅಕ್ಷರಗಳಿದ್ದವು. ಏನನ್ನು ನೋಡಿದರೂ ಒಂದು ಕಣ್ಣು ಮುಚ್ಚಿ, ಸಾಲು ನೆಟ್ಟಗಿದೆಯೋ ಇಲ್ಲವೋ ಎಂದು ಅಳೆಯುವುದು ಅವನ ಅಭ್ಯಾಸ. ತಾಟಿನಲ್ಲಿಟ್ಟ ರೊಟ್ಟಿಯನ್ನೂ ಹಾಗೇ ನೋಡುತ್ತಾನೆ. ಹೆಂಡತಿ ಮದಿನಾಬಿ, "ರೊಟ್ಟಿ ತಿನ್ನಾಕ ಮಾಡೇನ್ರಿ, ಬೋರ್ಡ ಬರಿಯಾಕಲ್ಲ" ಎನ್ನುತ್ತಾಳೆ.

ಈಗ ಬೋರ್ಡುಗಳ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ಗುಡುಸಾಬನ ಒಬ್ಬನೇ ಮಗ ಆರೀಫ ಗೋಕಾಕದಲ್ಲಿ ಫ್ಲೆಕ್ಸ್ ಮುದ್ರಿಸುವ ಮಷಿನ್ನಿನ ಮೇಲೆ ಕೆಲಸಕ್ಕಿದ್ದಾನೆ. ಅಪ್ಪ ಮಗ ರಾತ್ರಿ ಒಟ್ಟಿಗೇ ಕೂತು ಉಣ್ಣುತ್ತಾರೆ. ಫ್ಲೆಕ್ಸ್ ಎಂಬ ಶಬ್ದವನ್ನು ಮಾತ್ರ ಊಟ ಮುಗಿಯುವವರೆಗೆ ಯಾರೂ ಎತ್ತುವುದಿಲ್ಲ.

ಹೋದ ವರ್ಷ ಆ ಶಬ್ದ ಊಟದ ನಡುವೆಯೇ ಬಂತು. ಆರೀಫನ ಮಗಳು ಅಲ್ಮಾಸಳಿಗೆ ಆಗ ನಾಲ್ಕು ವರ್ಷ. ಮುಂದಿನ ಖೋಲಿಯಲ್ಲಿ, ಓಣಿಯ ಕಡೆಯ ಗೋಡೆಯ ಮೂಲೆ ಅವಳ ಆಟದ ಜಾಗ. ಅಲ್ಲಿ ಅವಳು ಇದ್ದಿಲಿನಿಂದ ಗೋಡೆ ತುಂಬ ಗೀಚಿ ಇಟ್ಟಿದ್ದಳು. ಅದನ್ನು ಮುಚ್ಚಲು ಆರೀಫ ಒಂದು ಫ್ಲೆಕ್ಸಿನ ಸುರುಳಿ ತಂದ. ಬಿಡಿಸಿದರೆ ನಗುವ ಆನೆ, ಬಲೂನು, ಆನೆಯ ಕಾಲ ಕೆಳಗೆ ಮುದ್ರಿಸಿದವರ ಮೊಬೈಲ್ ನಂಬರು.

"ಆಯಿತವಾರ ಅಂಟಸ್ತೇನಿ" ಎಂದ ಆರೀಫ. ಭಾನುವಾರ ಅವನಿಗೆ ರಜೆ.

ಗುಡುಸಾಬ ಕೈ ತೊಳೆದು ಎದ್ದ. "ಪೇಂಟರ್ ಮನಿ ಗ್ವಾಡಿ ಮ್ಯಾಲ ಫ್ಲೆಕ್ಸ ಬಂದ್ರ ನಾ ಓಣ್ಯಾಗ ಹೆಂಗ ತಿರುಗ್ಲಿ? ಕೂಸಿಗೆ ನಾನ ಬರದ ಕೊಡ್ತೇನಿ."

"ಅಬ್ಬಾ," ಎಂದ ಆರೀಫ ಅಪ್ಪನಿಗೆ, "ನೀವು ಬರದದ್ದು ಆಕೀಗಿ ಸೇರಬೇಕಲ್ರಿ. ಆಯಿತವಾರದ ತನಕ ಟೈಮ್ ಐತಿ. ಆಕಿ ಹೂಂ ಅಂದ್ರ ಆತು. ಇಲ್ಲಂದ್ರ ಫ್ಲೆಕ್ಸ."

ಹೀಗೆ ನಲವತ್ತು ವರ್ಷದ ಹೆಸರು ನಾಲ್ಕು ವರ್ಷದ ಹುಡುಗಿಯ ಒಂದು 'ಹೂಂ' ಮೇಲೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಗುಡುಸಾಬ ತಯಾರಿಗೆ ಕೂತ. ಕೂತ ಎಂದರೆ ನೆಲದ ಮೇಲೆಯೇ. ಮಗು ಎಲ್ಲಿಂದ ನೋಡುತ್ತದೋ ಅಲ್ಲಿಂದ ನೋಡಬೇಕು ಎಂಬುದು ಅವನ ಲೆಕ್ಕ. ಅಲ್ಮಾಸಳನ್ನು ಗೋಡೆಗೆ ಒರಗಿಸಿ ಅವಳ ಕಣ್ಣಿನ ಎತ್ತರಕ್ಕೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗೆರೆ ಎಳೆದ. ಚಿತ್ರದ ಮುಖ್ಯ ಭಾಗ ಅಲ್ಲೇ ಬರಬೇಕು. ನಾಲ್ಕು ಅಡಿಯ ಮೇಲೆ ಬರೀ ಆಕಾಶ. ಮನೆಯಲ್ಲಿ ಅರ್ಧ ಬಕೆಟ್ ಬಿಳಿ ನೀರಿನ ಬಣ್ಣ ಇತ್ತು. ಜೊತೆಗೆ ಬಿಳಿಗೆ ಹಾಕಿ ಕಲಸುವ ಮೂರು ಸಣ್ಣ ಬಾಟಲಿ: ಹಳದಿ, ನೀಲಿ, ಕಾವಿ. ಎಣ್ಣೆ ಬಣ್ಣದ ಡಬ್ಬಿಗಳು ಬೇಕಾದಷ್ಟಿದ್ದವು. ಮಗು ಮಲಗುವ ಖೋಲಿಗೆ ಆ ವಾಸನೆ ಬೇಡವೆಂದು ಅವನ್ನು ಮುಟ್ಟಲಿಲ್ಲ.

"ಮೂರ ಬಣ್ಣದಾಗ ಏನ ಆಗತೈತ್ರಿ ಮಾಮಾ?" ಎಂದಳು ಸೊಸೆ ಜೀನತ.

"ಎಲ್ಲಾ ಆಗತೈತಿ. ಹಳದಿಗಿ ನೀಲಿ ಕೂಡಿಸಿದ್ರ ಹಸರು. ಹಳದಿ ಹೆಚ್ಚಾದ್ರ ಎಳೀ ಎಲಿ, ನೀಲಿ ಹೆಚ್ಚಾದ್ರ ಬಲಿತ ಎಲಿ. ಬಣ್ಣ ಹೆಚ್ಚಾದಷ್ಟೂ ಗ್ವಾಡಿ ಸಂತಿ ಆಗತೈತಿ."

ಮೊದಲು ನಕ್ಷೆಗೆಂದು ಹಳೆಯ ಮದುವೆ ಕಾರ್ಡೊಂದರ ಹಿಂಬದಿಗೆ ಚೌಕಗಳನ್ನು ಹಾಕಿದ. ಕಾರ್ಡಿನ ಒಂದು ಚೌಕ ಗೋಡೆಯ ಅರ್ಧ ಅಡಿ. ಮೇಲೆ ಸೂರ್ಯ, ಕೆಳಗೆ ಧುಪದಾಳದ ಒಡ್ಡಿನಿಂದ ಬೀಳುವ ನೀರು, ಪಕ್ಕದಲ್ಲಿ ಕಬ್ಬಿನ ಹೊಲ.

"ದಾದಾ, ಆನಿ ಎಲ್ಲಿ?" ಎಂದಳು ಅಲ್ಮಾಸ.

"ಇಲ್ಲಿ" ಎಂದು ನಡುವೆ ದೊಡ್ಡ ಆನೆ ಬರೆದು ಕಣ್ಣಿಗೆ ಚುಕ್ಕೆ ಇಟ್ಟ. ಹಿಂದಿನಿಂದ ಮದಿನಾಬಿ ಬಗ್ಗಿ ನೋಡಿದಳು.

"ಈ ಖೋಲ್ಯಾಗ ನಾವು ನಮಾಜ್ ಮಾಡ್ತೇವ್ರಿ. ಕಣ್ಣ ಮುಖ ಇರೂದು ಬ್ಯಾಡ."

"ನೀ ಪಡುವಣಕ್ಕ ಮುಖ ಮಾಡಿ ನಿಂದರ್ತಿ. ಇದು ಮೂಡಣ ಗ್ವಾಡಿ. ಬೆನ್ನ ಹಿಂದ ಇರತೈತಿ."

"ಅದಕ್ಕ ಬ್ಯಾಡ ಅನ್ನೂದು. ನಾ ಸಜ್ದಾಕ್ಕ ಬಗ್ಗಿದಾಗ ಹಿಂದಿಂದ ಆನಿ ನೋಡಕೊಂತ ಕುಂತ್ರ ನನ್ನ ಧ್ಯಾನ ಅಲ್ಲಾನ ಮ್ಯಾಲ ಇರತೈತೋ, ಆನಿ ಮ್ಯಾಲ ಇರತೈತೋ?"

ಮದಿನಾಬಿ ದೊಡ್ಡ ದನಿಯಲ್ಲಿ ಮಾತಾಡುವವಳಲ್ಲ. ಅವಳು ಮೆಲ್ಲಗೆ ಹೇಳಿದ ಮಾತನ್ನು ಆ ಮನೆಯಲ್ಲಿ ಯಾರೂ ದಾಟುವುದಿಲ್ಲ. ಗುಡುಸಾಬ ಆನೆಯನ್ನು ಅಳಿಸಿದ. ಅಲ್ಮಾಸ ತುಟಿ ಉಬ್ಬಿಸಿದಳು. ಮೂಲೆಯಲ್ಲಿ ನಿಂತಿದ್ದ ಫ್ಲೆಕ್ಸಿನ ಸುರುಳಿ ಆ ಹೊತ್ತಿಗೆ ತುಸು ಉದ್ದವಾದಂತೆ ಕಂಡಿತು.

ಎರಡು ದಿನ ಅವನು ಗೋಡೆಯ ಕೆಲಸ ಮಾಡುತ್ತಲೇ ಯೋಚಿಸಿದ. ಇದ್ದಿಲು ಒರೆಸಿದ, ಸ್ಯಾಂಡ್ ಪೇಪರ್ ಉಜ್ಜಿದ, ಪ್ರೈಮರ್ ಹಚ್ಚಿ ಒಣಗಿಸಿದ. ನೀಲಿ ಪುಡಿ ಸವರಿದ ದಾರವನ್ನು ಎಳೆದು ಹಿಡಿದು ಟಪ್ ಎಂದು ಬಿಟ್ಟು ಚೌಕಗಳನ್ನು ಮೂಡಿಸಿದ. ಆಮೇಲೆ ಖಡುವಿನಿಂದ ಬರೆದ. ಕಬ್ಬಿನ ಹೊಲದ ಹತ್ತಿರ ಬಂದಾಗ ಕೈ ನಿಂತಿತು, ಮುಖ ಅರಳಿತು. ಆನೆ ಕಬ್ಬು ತಿನ್ನಲು ಹೊಲದೊಳಗೆ ಹೊಕ್ಕಿದೆ! ಮುಖ ಕಬ್ಬಿನೊಳಗೆ. ಹೊರಗೆ ಕಾಣುವುದು ಹಿಂಭಾಗ, ಎರಡು ಕಾಲು, ಒಂದು ಬಾಲ. ಕಣ್ಣಿಲ್ಲ, ಮುಖವಿಲ್ಲ.

ಮದಿನಾಬಿ ಬಹಳ ಹೊತ್ತು ನೋಡಿ, "ಇದಕ್ಕ ನಂದೇನೂ ತಕರಾರಿಲ್ಲ. ಮರ್ಯಾದಿ ಮಾತ್ರ ಇಲ್ಲ" ಎಂದಳು.

ಬೂದಿ ಬಣ್ಣ ಮಾಡುವುದೇ ಕಷ್ಟವಾಯಿತು. ಕಪ್ಪು ಬಾಟಲಿ ಇಲ್ಲ. ನೀಲಿಗೆ ಕಾವಿ ಕೂಡಿಸಿ ಬಿಳಿಗೆ ಹಾಕಿದರೆ ಬೂದಿ ಬರುತ್ತದೆ ಎಂದು ಅವನಿಗೆ ಗೊತ್ತು. ಆದರೆ ಮೊದಲ ಸಲ ಕಾವಿ ಹೆಚ್ಚಾಗಿ ಶೇಂಗಾ ಚಟ್ನಿಯ ಬಣ್ಣ ಬಂತು. ಎರಡನೆಯ ಸಲ ನೀಲಿ ಹೆಚ್ಚಾಗಿ ಶಾಲೆ ಮಕ್ಕಳ ಅಂಗಿಯ ಬಣ್ಣ ಆಯಿತು. ಹನಿ ಹನಿಯಾಗಿ ಹಾಕಿ, ರಟ್ಟಿನ ಮೇಲೆ ಹಚ್ಚಿ, ಒಣಗಿದ ಮೇಲೆ ನೋಡಿ ಕೊನೆಗೆ ಸಾಧಿಸಿದ. ಹಸಿಯಾಗಿದ್ದಾಗ ತಿಳಿಯಾಗಿ ಕಂಡದ್ದು ಒಣಗಿದಾಗ ಗಾಢವಾಗುತ್ತದೆ. ಒಂದೇ ಸಲ ಬೇಕಾದಷ್ಟು ಕಲಸಿ ಮುಚ್ಚಳದ ಡಬ್ಬಿಯಲ್ಲಿಟ್ಟ. ತೀರಿದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ.

ಶುಕ್ರವಾರ ಜುಮ್ಮಾ ಮುಗಿಸಿ ಬಂದು ಬಣ್ಣಕ್ಕಿಳಿದ. ಮೊದಲು ತಿಳಿ ಬಣ್ಣ, ದೊಡ್ಡ ಭಾಗಗಳು. ಆಮೇಲೆ ಗಾಢ, ಸಣ್ಣವು. ಸಂಜೆಗೆ ಆನೆ ಮುಗಿಯಿತು. ಮಗ್ಗುಲ ಮನೆಯ ಉದ್ದವ್ವ ಎಪ್ಪತ್ತು ದಾಟಿದ ಮುದುಕಿ. ಮಜ್ಜಿಗೆ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತಳು.

"ಗುಡುಸಾಬಾ, ಹಿಟ್ಟಿನ ಚೀಲ ಛಲೋ ಬರದಿ ಬಿಡ."

"ಚೀಲಲ್ಲ ಅಕ್ಕಾ, ಆನಿ."

"ಹೌದನು? ಬಾಲ ಚೀಲದ ಹಗ್ಗ ಅನಕೊಂಡೆ. ಮುಖ ಎಲ್ಲಿ?"

"ಕಬ್ಬಿನ್ಯಾಗ."

"ಯಾರ ಕಬ್ಬು? ಮಸಗುಪ್ಪಿ ಊರವರದ್ದಾದ್ರ ಅಲ್ಲಿ ನಮ್ಮ ಬೀಗರು ಬಡಿಗಿ ತಗೊಂಡ ಬರ್ತಾರು."

ಅಲ್ಮಾಸ ಇದಾವುದನ್ನೂ ಕೇಳಲಿಲ್ಲ. ಬಾಗಿಲಿನಿಂದ ಹೊರಗೆ ಓಡಿ, ಓಣಿಯ ಗೋಡೆಯನ್ನು ನೋಡಿ, ಒಳಗೆ ಓಡಿ ಬಂದಳು.

"ದಾದಾ, ಕುಂಡಿ ಇಲ್ಲೈತಿ. ಮುಖ ಹೊರಗ ಇಲ್ಲ."

"ಹಂಗ ಅನಬಾರದವಾ" ಎಂದಳು ಮದಿನಾಬಿ. ಅಷ್ಟರಲ್ಲಿ ಗುಡುಸಾಬ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದ. ಹುಡುಗಿ ಹೇಳಿದ್ದು ಖರೆ. ಆನೆ ಗೋಡೆಯೊಳಗೆ ಹೊಕ್ಕರೆ ಮುಖ ಆ ಕಡೆ ಬರಬೇಕು. ಆ ಕಡೆ ಓಣಿ. ಓಣಿಯಲ್ಲಿ ಯಾರೂ ನಮಾಜ್ ಮಾಡುವುದಿಲ್ಲ.

ಹೊರಗೆ ಮುಖ ಬರೆಯಲೇ ಎಂದು ಮದಿನಾಬಿಯನ್ನು ಕೇಳಿದ. "ಖೋಲಿ ನಂದು, ಓಣಿ ಮಂದೀದು" ಎಂದಳು ಅವಳು.

ಶನಿವಾರ ಹೊರಗಿನ ಕೆಲಸ. ಒಳಗಿನ ಬಣ್ಣ ಮಳೆಗೆ ನಿಲ್ಲದು. ಮನೆಯ ಮುಂದಿನ ಗೋಡೆಗೆ ಹಚ್ಚಿ ಉಳಿದಿದ್ದ ಹೊರಗಿನ ಬಿಳಿ ಬಣ್ಣ ತೆಗೆದು ಹೊಸದಾಗಿ ಬೂದಿ ಕಲಸಿದ. ಒಳಗೆ ಆನೆ ಆ ಗೋಡೆಯಲ್ಲಿದ್ದ ಕಿಟಕಿಯ ಬಲಕ್ಕೆ ಎರಡು ಅಡಿ ದೂರ, ನೆಲದಿಂದ ಎರಡು ಅಡಿ ಎತ್ತರ ಇತ್ತು. ಅದನ್ನು ಕಾರ್ಡಿನ ಮೇಲೆ ಬರೆದುಕೊಂಡು ಹೊರಗೆ ಬಂದು, ಕಿಟಕಿಯ ಬಲಕ್ಕೆ ಎರಡು ಅಡಿ ಅಳೆದು ಗುರುತು ಹಾಕಿದ. ಸಂಜೆಯೊಳಗೆ ಆನೆಯ ತಲೆ ಎದ್ದು ನಿಂತಿತು: ಅಗಲ ಕಿವಿ, ಬಾಯಲ್ಲಿ ಕಬ್ಬಿನ ಗಳ, ನಗುವ ಕಣ್ಣು. ದಾರಿಯಲ್ಲಿ ಹೋಗುವವರೆಲ್ಲ ಸೈಕಲ್ ಇಳಿದು ನೋಡಿದರು. ಬೋರ್ಡು ಬರೆಯುತ್ತಿದ್ದ ಕಾಲ ಮರಳಿ ಬಂದಂತೆ ಅವನು ಎದೆ ಮುಂದೆ ಮಾಡಿ ನಿಂತ.

ಭಾನುವಾರ ಬೆಳಿಗ್ಗೆ ಆರೀಫ ಸುರುಳಿ ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ. "ಅಲ್ಮಾಸ, ಹೇಳವಾ."

ಅಲ್ಮಾಸ ಒಳಗಿನ ಹಿಂಭಾಗದ ಮುಂದೆ ನಿಂತಳು. ಕಿಟಕಿಯಿಂದ ಇಣುಕಿದಳು. ಹೊರಗೆ ಓಡಿದಳು. ಹೊರಗಿನಿಂದ ಕಿಟಕಿಯಲ್ಲಿ ಇಣುಕಿದಳು.

"ದಾದಾ, ಒಳಗ ಆನಿ ಕಿಡಕಿಯ ಆ ಕಡೆ ಐತಿ. ಹೊರಗ ಮುಖ ಈ ಕಡೆ ಐತಿ."

ಗುಡುಸಾಬ ಹೊರಗೆ ಹೋಗಿ ನೋಡಿದ. ಒಳಗೆ ಬಂದು ನೋಡಿದ. ಒಳಗಿನ ಬಲ ಹೊರಗೆ ಎಡವಾಗುತ್ತದೆ ಎಂಬುದು ನಲವತ್ತು ವರ್ಷ ಬೋರ್ಡಿನ ಒಂದೇ ಮಗ್ಗುಲು ಬರೆದವನಿಗೆ ಹೊಳೆದಿರಲಿಲ್ಲ. ಆನೆ ಕಿಟಕಿಯ ಒಂದು ಕಡೆ ಹೊಕ್ಕಿತ್ತು. ಮುಖ ಕಿಟಕಿ ದಾಟಿ ಇನ್ನೊಂದು ಕಡೆ ಹೊರಬಂದಿತ್ತು. ನಡುವೆ ಏಳು ಅಡಿ.

"ಇಷ್ಟ ಉದ್ದ ಆನಿ ನಾ ಕಂಡಿಲ್ಲ" ಎಂದಳು ಉದ್ದವ್ವ ತನ್ನ ಕಟ್ಟೆಯಿಂದ. "ಕಣಗಲಾ ಹೈವೇ ಮ್ಯಾಲ ಹೋಗೂ ಟ್ರಕ್ ಆತದು."

ಆರೀಫ ನಗು ತಡೆಯಲಾರದೆ ಸುರುಳಿಯಲ್ಲಿ ಮುಖ ಮುಚ್ಚಿಕೊಂಡ. ಜೀನತ ಒಳಗೆ ಹೋಗಿ ನಕ್ಕಳು. ಗುಡುಸಾಬನ ಮುಖ ಸಪ್ಪಗಾಯಿತು. "ಅಂಟಸಪಾ" ಎಂದ ಮಗನಿಗೆ. "ಅಂಟಿಸಿ ಬಿಡು."

ಅಲ್ಮಾಸ ಇಬ್ಬರ ನಡುವೆ ಬಂದಳು. "ಒಳಗಿಂದು ಬಣ್ಣ ಬ್ಯಾರೆ, ಹೊರಗಿಂದು ಬಣ್ಣ ಬ್ಯಾರೆ."

ಹೌದು. ಎರಡು ಸಲ ಕಲಸಿದ ಬೂದಿ ಎರಡು ತೆರನಾಗಿತ್ತು. ಅದನ್ನೂ ಹೇಳಬೇಕೇ ಈ ಹುಡುಗಿ ಎಂದು ಗುಡುಸಾಬ ನೆಲ ನೋಡಿದ.

"ಅದಕ್ಕ ಇವು ಎರಡು ಆನಿ" ಎಂದಳು ಅಲ್ಮಾಸ. "ಒಳಗಿಂದರ ಮುಖ ಹೊರಗ ಬರಿಯೂದ ಉಳದೈತಿ. ಹೊರಗಿಂದರ ಕುಂಡಿ ಒಳಗ ಬರಿಯೂದ ಉಳದೈತಿ."

"ಮತ್ತ ಫ್ಲೆಕ್ಸ?" ಎಂದ ಆರೀಫ.

"ಎಲ್ಲಿ ಅಂಟಸ್ತಿ ಅಬ್ಬಾ? ಅಲ್ಲಿ ಆನಿ ಬರೂದೈತಿ."

"ಅಂದ್ರ ದಾದಾ ಬರದದ್ದು ಸೇರಿತು?"

"ಹೂಂ. ಇನ್ನೂ ಮುಗದಿಲ್ಲ."

ಗುಡುಸಾಬ ಮಗನ ಕಡೆ ನೋಡದೆ ಆ ಸುರುಳಿ ತೆಗೆದುಕೊಂಡು, ಬಣ್ಣದ ಹನಿ ಬೀಳದಂತೆ ಗೋಡೆಯ ಬುಡಕ್ಕೆ ಹಾಸಿದ. ಬಹಳ ಅನುಕೂಲವಾದ ವಸ್ತು ಎಂದು ಅಂದೇ ಮೊದಲ ಸಲ ಒಪ್ಪಿದ.

ಈ ಸಲ ಎಡ ಬಲದ ಲೆಕ್ಕವನ್ನು ಅವನು ನಂಬಲಿಲ್ಲ. ಮದಿನಾಬಿಯನ್ನು ಒಳಗೆ ನಿಲ್ಲಿಸಿ, ಒಳಗಿನ ಆನೆಯ ಪಕ್ಕ ಸೌಟಿನಿಂದ ಗೋಡೆ ಬಡಿಯಲು ಹೇಳಿದ. ತಾನು ಹೊರಗೆ ಗೋಡೆಗೆ ಕಿವಿಯಿಟ್ಟು, ಕೈಯಲ್ಲಿ ಖಡು ಹಿಡಿದು, ಸದ್ದು ಹುಡುಕುತ್ತ ಅಡ್ಡಡ್ಡ ನಡೆದ. ಅವನ ಪಕ್ಕ ಅಲ್ಮಾಸಳೂ ಕಿವಿಯಿಟ್ಟು ನಡೆದಳು.

"ಗುಡುಸಾಬಾ, ಗ್ವಾಡಿಗಿ ಕಿವಿ ಹಚ್ಚಿ ಏನ ಕೇಳಾಕತ್ತಿ?" ಎಂದಳು ಉದ್ದವ್ವ.

"ಸುಮ್ನಿರ ಅಕ್ಕಾ" ಎಂದ ಗುಡುಸಾಬ. "ಆನಿ ಎಲ್ಲೈತಿ ನೋಡಾಕತ್ತೇವಿ."